ಹಿತ್ತಿಲಿಗೆ ಬಂದ ‘ಮಲಬಾರ್ ಸಿವೆಟ್’: ಗೆಳೆಯನ ಪೋಸ್ಟಿಗೆ ಬೇಜಾರಾಗದ ಹಾಗೆ ಉತ್ತರ ಬರೆಯುವುದು ಹೇಗೆ

ಹೊನ್ನಾವರದ ಕಡೆಯ ನನ್ನ ಗೆಳೆಯ ಒಂದು ರಾತ್ರಿ ಹಿತ್ತಿಲ ಫೋಟೋ ಹಾಕಿದ್ದ. ಚಿರೆಕಲ್ಲಿನ ಕಾಂಪೌಂಡ್, ಅದರ ಬುಡದಲ್ಲಿ ಬೂದು ಬಣ್ಣದ ಪ್ರಾಣಿ, ಮೈತುಂಬ ಚುಕ್ಕೆ, ಉದ್ದ ಬಾಲ. ಮೇಲೆ ಬರೆದಿದ್ದ: ‘ಅಳಿದೇ ಹೋಯಿತು ಅಂದಿದ್ದ ಮಲಬಾರ್ ಸಿವೆಟ್ ನಮ್ಮ ಹಿತ್ತಿಲಲ್ಲಿ! ನಂಬ್ತೀರಾ?’ ಬೆಳಗಾಗುವಷ್ಟರಲ್ಲಿ ಅರ್ಧ ಊರು ನಂಬಿತ್ತು. ‘ಪೇಪರಿನವರಿಗೆ ಕಳಿಸು’ ಅಂತ ಒಬ್ಬರು, ‘ಮನೆ ಎಲ್ಲಿ ಬಂತು, ನೋಡೋಕೆ ಬರ್ತೀವಿ’ ಅಂತ ಇನ್ನೊಬ್ಬರು.

ಮಲಬಾರ್ ಸಿವೆಟ್ ಅಂದರೆ ಪುನುಗು ಬೆಕ್ಕಿನಲ್ಲೇ ದೊಡ್ಡದೊಂದು ಜಾತಿ. ಫೋಟೋದಲ್ಲಿದ್ದದ್ದು ಅದಾಗಿರಲಿಲ್ಲ. ನಮ್ಮೂರ ಕಡೆ ರಾತ್ರಿ ಹೊತ್ತು ಓಡಾಡುವ ಸಣ್ಣ ಪುನುಗು ಬೆಕ್ಕು. ಪಶ್ಚಿಮ ಘಟ್ಟದ ಎರಡೂ ಬದಿಯಲ್ಲಿ ಇಂಥ ಪೋಸ್ಟ್ ಆಗಾಗ ಬರುತ್ತದೆ, ತಪ್ಪೂ ಹೆಚ್ಚುಕಮ್ಮಿ ಇದೇ ಆಗಿರುತ್ತದೆ. ನಿಮ್ಮ ಗೆಳೆಯರೂ ಒಂದು ದಿನ ಹಾಕಬಹುದು. ಆಗ ಏನು ನೋಡಬೇಕು, ಏನು ಬರೆಯಬೇಕು ಅನ್ನುವುದನ್ನು ಈ ಒಂದು ಫೋಟೋ ಇಟ್ಟುಕೊಂಡು ಹೇಳುತ್ತೇನೆ.

ಮೊದಲು: ಅವರು ಎಲ್ಲಿ ಎಡವಿದರು ಅಂತ ಹುಡುಕಿ

ಗೆಳೆಯ ಸುಳ್ಳು ಹೇಳಿರಲಿಲ್ಲ. ಅವನ ಅಜ್ಜಿ ಫೋಟೋ ನೋಡಿ ‘ಇದು ಪುನುಗಿನ ಬೆಕ್ಕು’ ಅಂದರು. ಸರಿಯಾಗಿಯೇ ಹೇಳಿದ್ದರು. ಇವನು ‘ಪುನುಗು ಬೆಕ್ಕು’ ಅಂತ ಹುಡುಕಿದ. ‘ಸಿವೆಟ್’ ಸಿಕ್ಕಿತು. ಪಶ್ಚಿಮ ಘಟ್ಟದ ಸಿವೆಟ್ ಅಂತ ಹುಡುಕಿದ. ‘ಮಲಬಾರ್ ಸಿವೆಟ್’ ಸಿಕ್ಕಿತು. ಜೊತೆಗೆ ಬಂದ ಚಿತ್ರಗಳೂ ಅವನ ಫೋಟೋದ ಹಾಗೇ ಇದ್ದವು.

ಎಡವಟ್ಟು ಆಗಿದ್ದು ಆ ಚಿತ್ರಗಳಲ್ಲಿ. ಕಾಡಿನಲ್ಲಿ ಬದುಕಿರುವ ಮಲಬಾರ್ ಸಿವೆಟ್‌ನದ್ದು ಎಂದು ತಜ್ಞರು ಒಪ್ಪಿದ ಫೋಟೋ ಇಲ್ಲ. ಹಾಗಾಗಿ ಆ ಹೆಸರಿನಲ್ಲಿ ಜಾಲತಾಣದಲ್ಲಿ ಓಡಾಡುವ ಚಿತ್ರಗಳಲ್ಲಿ ಎಷ್ಟೋ ಬೇರೆ ಪ್ರಾಣಿಯವು. ಕೆಲವು ಈಶಾನ್ಯ ಭಾರತದಲ್ಲೂ ಅದರಾಚೆಯ ದೇಶಗಳಲ್ಲೂ ಇರುವ ದೊಡ್ಡ ಸಿವೆಟ್‌ಗಳವು. ಇನ್ನು ಕೆಲವು ಇದೇ ಸಣ್ಣ ಪುನುಗು ಬೆಕ್ಕಿನವು. ತಪ್ಪು ಹೆಸರಿನ ಚಿತ್ರಕ್ಕೆ ನಮ್ಮ ಚಿತ್ರ ಹೋಲಿಸಿದರೆ ಹೊಂದಿಕೆ ಆಗಲೇಬೇಕು, ಅಲ್ವಾ?

ಈ ಹಾದಿ ಗೊತ್ತಾದರೆ ಉತ್ತರ ಬರೆಯುವುದು ಅರ್ಧ ಸುಲಭ. ‘ನಿನಗೆ ಗೊತ್ತಿಲ್ಲ’ ಅನ್ನುವ ಬದಲು ‘ಆ ಚಿತ್ರಗಳಿಗೇ ತಪ್ಪು ಹೆಸರು ಹಾಕಿದ್ದಾರೆ ಮಾರಾಯ’ ಅನ್ನಬಹುದು. ಅದು ನಿಜವೂ ಹೌದು.

ಅಪರೂಪದ ಪ್ರಾಣಿಯ ಕಥೆ ಗೊತ್ತಿರಲಿ

ಗೆಳೆಯ ಖಂಡಿತ ಮರಳಿ ಕೇಳುತ್ತಾನೆ: ‘ಯಾಕೆ ಆಗಿರಬಾರದು? ನಮ್ಮ ಕಡೆಯೇ ಇತ್ತಂತಲ್ಲ?’ ಕೇಳುವುದರಲ್ಲಿ ತಪ್ಪಿಲ್ಲ. 1862ರಲ್ಲಿ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಬ್ಲೈತ್ ಈ ಪ್ರಾಣಿಗೆ ವೈಜ್ಞಾನಿಕ ಹೆಸರು ಕೊಟ್ಟರು. ಅದೇ ಕಾಲದ ಇನ್ನೊಬ್ಬ ಪ್ರಾಣಿಶಾಸ್ತ್ರಜ್ಞ ಟಿ. ಸಿ. ಜೆರ್ಡಾನ್ ಇದು ಹೊನ್ನಾವರದ ನೇರದಿಂದ ಕನ್ಯಾಕುಮಾರಿವರೆಗಿನ ಕರಾವಳಿಯಲ್ಲಿ ಇದೆ ಎಂದು ಬರೆದರು. ಹೊನ್ನಾವರದ ಹೆಸರೇ ಬಂದಿದೆ ಅಂದಮೇಲೆ ನನ್ನ ಗೆಳೆಯನಿಗೆ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಕರ್ನಾಟಕದಲ್ಲಿ ಇದಕ್ಕಿದ್ದ ಹೆಸರುಗಳಲ್ಲಿ ‘ದೊಡ್ಡ ಪುನುಗಿನ’ ಅನ್ನುವುದೂ ಒಂದು.

ಆದರೆ ಆಮೇಲೆ ಅದು ಕಾಣಿಸುವುದೇ ನಿಂತುಹೋಯಿತು. 1987ರಿಂದ 1990ರ ಹೊತ್ತಿನಲ್ಲಿ ಕೇರಳದ ನಿಲಂಬೂರು ಕಡೆ ಇದರ ಕೆಲವು ಚರ್ಮ ಸಿಕ್ಕವು. ಗಟ್ಟಿ ಪುರಾವೆ ಅಂತ ಎಲ್ಲರೂ ಈಗಲೂ ಹೇಳುವುದು ಅವನ್ನೇ. 2006–07ರಲ್ಲಿ ಕರ್ನಾಟಕ ಮತ್ತು ಕೇರಳದಲ್ಲಿ ಪ್ರಾಣಿ ಹಾದುಹೋದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಇಟ್ಟು ಹುಡುಕಿದರು. ಒಂದೂ ಸಿಗಲಿಲ್ಲ. ಅಪಾಯದಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಅಳಿವಿನ ಅಂಚಿನ ತುತ್ತತುದಿಯ ವರ್ಗದಲ್ಲಿದೆ. ಬದುಕಿದ್ದರೂ ಬೆಳೆದ ಪ್ರಾಣಿಗಳು 250ಕ್ಕಿಂತ ಕಡಿಮೆ ಎಂಬುದು ಅಲ್ಲಿನ ಅಂದಾಜು. 2010ರಲ್ಲಿ ಇಬ್ಬರು ಸಂಶೋಧಕಿಯರು ಹಳೆಯ ದಾಖಲೆಗಳನ್ನೆಲ್ಲ ಕೆದಕಿ, ಇದು ನಿಜಕ್ಕೂ ಇಲ್ಲಿನದೇ ಪ್ರಾಣಿಯೋ, ಪುನುಗಿನ ವ್ಯಾಪಾರಕ್ಕೆ ಹೊರಗಿನಿಂದ ತಂದದ್ದೋ ಎಂಬ ಪ್ರಶ್ನೆಯನ್ನೇ ಎತ್ತಿದರು.

ಇಷ್ಟು ತಿಳಿದಿದ್ದರೆ ಸಾಕು. ಉತ್ತರದಲ್ಲಿ ಎಲ್ಲವನ್ನೂ ಸುರಿಯಬೇಡಿ. ಒಂದೇ ಸಾಲು ಹಾಕಿ: ‘1990ರಿಂದ ಈಚೆ ಗಟ್ಟಿ ಪುರಾವೆ ಸಿಕ್ಕಿಲ್ಲ.’ ಪುರಾವೆ ಎಷ್ಟು ಗಟ್ಟಿ ಇರಬೇಕು ಅನ್ನುವುದು ಅಷ್ಟರಲ್ಲೇ ಅವನಿಗೆ ಅರ್ಥವಾಗುತ್ತದೆ.

ಮೂಲ ಫೋಟೋ ತರಿಸಿಕೊಳ್ಳಿ

ಪೋಸ್ಟಿನಲ್ಲಿರುವ ಚಿತ್ರ ನೋಡಿ ತೀರ್ಮಾನ ಕೊಡಬೇಡಿ. ಅಪ್‌ಲೋಡ್ ಆಗುವಾಗ ಚಿತ್ರ ಕುಗ್ಗುತ್ತದೆ. ಚುಕ್ಕೆಗಳ ಅಂಚು ಕರಗಿ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಸಣ್ಣ ಚುಕ್ಕೆ ದೊಡ್ಡ ಪಟ್ಟೆಯಂತೆ ಕಾಣುವುದು ಹೀಗೆಯೇ. ‘ಫೋಟೋ ಚೆನ್ನಾಗಿದೆ, ಮೂಲ ಫೈಲ್ ಕಳಿಸ್ತೀಯಾ? ವಾಟ್ಸಾಪಲ್ಲಾದರೆ ಡಾಕ್ಯುಮೆಂಟ್ ಆಗಿ ಕಳಿಸು’ ಅಂತ ಅವನಿಗೊಬ್ಬನಿಗೇ ಮೆಸೇಜ್ ಮಾಡಿ. ಇನ್ನೂ ಎರಡು ಮೂರು ಫೋಟೋ ತೆಗೆದಿದ್ದರೆ ಅವೂ ಇರಲಿ. ಜನ ಪೋಸ್ಟ್ ಮಾಡುವುದು ಚೆಂದದ ಫೋಟೋ. ಗುರುತಿಗೆ ಉಪಯೋಗಕ್ಕೆ ಬರುವುದು ಬಹಳ ಸಲ ಅದರ ಹಿಂದಿನ ಕೆಟ್ಟ ಫೋಟೋ. ನನ್ನ ಗೆಳೆಯ ಕಳಿಸಿದ ಮೂರರಲ್ಲಿ ಕೊನೆಯದರಲ್ಲಿ ಪ್ರಾಣಿ ತಿರುಗಿ ಹೊರಟಿತ್ತು. ತಲೆ ಅಲುಗಾಡಿ ಮಸುಕಾಗಿತ್ತು. ಆದರೆ ಬಾಲ ಪೂರ್ತಿ ಕಾಣುತ್ತಿತ್ತು. ಉತ್ತರ ಇದ್ದದ್ದು ಅದರಲ್ಲೇ.

ಫೋಟೋ ಅವರೇ ತೆಗೆದದ್ದೋ, ಯಾರೋ ಫಾರ್ವರ್ಡ್ ಮಾಡಿದ್ದೋ ಅನ್ನುವುದನ್ನೂ ಇಲ್ಲೇ ಕೇಳಿ. ಫಾರ್ವರ್ಡ್ ಆದದ್ದಾದರೆ ಗುರುತಿಸುವ ಮೊದಲು ಅದು ಎಲ್ಲಿಯದು ಅಂತ ಇಮೇಜ್ ಸರ್ಚ್‌ನಲ್ಲಿ ಹುಡುಕಿ. ಎಷ್ಟೋ ಸಲ ಅಲ್ಲಿಗೇ ಕಥೆ ಮುಗಿಯುತ್ತದೆ.

ಬೆನ್ನು, ಬಾಲ, ಕಿವಿ

ಪುಸ್ತಕದಲ್ಲಿ ಹತ್ತಾರು ವ್ಯತ್ಯಾಸ ಬರೆದಿರುತ್ತಾರೆ. ಹಿತ್ತಿಲ ಫೋಟೋದಲ್ಲಿ ಕೆಲಸಕ್ಕೆ ಬರುವುದು ಮೂರೇ.

ಮೊದಲನೆಯದು ಬೆನ್ನು. ಮಲಬಾರ್ ಸಿವೆಟ್‌ಗೆ ಭುಜದಿಂದ ಬಾಲದವರೆಗೆ ನಡುಬೆನ್ನಿನ ಮೇಲೆ ಉದ್ದ ಕಪ್ಪು ಕೂದಲಿನ ಸಾಲು ಇರುತ್ತದೆ, ಕುದುರೆಯ ಕೇಸರದ ಹಾಗೆ. ಅದನ್ನು ನಿಮಿರಿಸಲೂ ಬರುತ್ತದೆ. ಸಣ್ಣ ಪುನುಗು ಬೆಕ್ಕಿಗೆ ಇದು ಇಲ್ಲ. ಅದರ ಬೆನ್ನಿನ ಮೇಲೆ ಉದ್ದಕ್ಕೆ ಎಳೆದ ಗೆರೆಗಳಿರುತ್ತವೆ, ಪಕ್ಕೆಗೆ ಬಂದಾಗ ಆ ಗೆರೆಗಳು ಒಡೆದು ಸಾಲುಸಾಲು ಸಣ್ಣ ಚುಕ್ಕೆಗಳಾಗುತ್ತವೆ. ಮಲಬಾರ್ ಸಿವೆಟ್‌ಗೆ ಪಕ್ಕೆಯಲ್ಲಿ ದಪ್ಪ ಕಪ್ಪು ಕಲೆಗಳು. ಒಂದು ಎಚ್ಚರಿಕೆ ಬೇಕು: ಹೆದರಿದ ಯಾವ ಬೆಕ್ಕಾದರೂ ಮೈ ಕೂದಲು ಉಬ್ಬಿಸುತ್ತದೆ. ನಾಯಿ ಬೊಗಳಿದಾಗ ತೆಗೆದ ಫೋಟೋದಲ್ಲಿ ಸಣ್ಣ ಪುನುಗಿಗೂ ಬೆನ್ನು ಎದ್ದ ಹಾಗೆ ಕಾಣಬಹುದು. ಆಗ ಬಣ್ಣ ನೋಡಿ. ಎದ್ದ ಕೂದಲು ಮೈಯ ಬಣ್ಣದ್ದೇ ಆಗಿದ್ದರೆ ಅದು ಭಯ. ನಡುವೆ ಬೇರೆಯಾಗಿ ಕಾಣುವ ಕಪ್ಪು ಪಟ್ಟಿ ಇದ್ದರೆ ಮಾತ್ರ ಮುಂದಕ್ಕೆ ಯೋಚಿಸಬೇಕು.

ಎರಡನೆಯದು ಬಾಲ. ನನಗೆ ಜಾಸ್ತಿ ನಂಬಿಕೆ ಇರುವುದು ಇದರ ಮೇಲೆ. ಸಣ್ಣ ಪುನುಗಿನ ಮೈ 55 ಸೆಂ.ಮೀ. ಆಸುಪಾಸು, ಬಾಲ 40ರ ಆಸುಪಾಸು. ಅಂದರೆ ಬಾಲ ಮೈಯ ಮುಕ್ಕಾಲಿಗೆ ಹತ್ತಿರ. ಮಲಬಾರ್ ಸಿವೆಟ್‌ನ ಮೈ 75 ಸೆಂ.ಮೀ. ದಾಟುತ್ತದೆ, ಬಾಲ ಮಾತ್ರ 33ರ ಸುಮಾರು. ಮೈಯ ಅರ್ಧವೂ ಇಲ್ಲ. ದೊಡ್ಡ ಪ್ರಾಣಿಗೆ ಗಿಡ್ಡ ಬಾಲ, ಸಣ್ಣ ಪ್ರಾಣಿಗೆ ಉದ್ದ ಬಾಲ. ಇದರ ಅನುಕೂಲ ಏನೆಂದರೆ ಫೋಟೋದಲ್ಲಿ ಅಳತೆಗೋಲು ಬೇಕಾಗಿಲ್ಲ. ಎರಡರ ಪ್ರಮಾಣ ಗೊತ್ತಾದರೆ ಸಾಕು.

ನಾನು ಮಾಡಿದ್ದು ಹೀಗೆ. ಕೊನೆಯ ಫೋಟೋವನ್ನು ಲ್ಯಾಪ್‌ಟಾಪ್‌ನಲ್ಲಿ ದೊಡ್ಡದು ಮಾಡಿ, ಹೊಲಿಗೆ ದಾರವನ್ನು ಪರದೆಯ ಮೇಲೆ ಇಟ್ಟೆ. ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಬೆನ್ನಿನ ಬಾಗಿಗೆ ತಕ್ಕಂತೆ ದಾರ ಬಾಗಿಸಿ ಅಳೆದೆ: 10 ಸೆಂ.ಮೀ. ಬಾಲದ ಬುಡದಿಂದ ತುದಿಗೆ: 7 ಸೆಂ.ಮೀ. ಹತ್ತಕ್ಕೆ ಏಳು. ಸಣ್ಣ ಪುನುಗಿನ ಲೆಕ್ಕಕ್ಕೆ ಸರಿಹೊಂದಿತು. ಬಾಲದ ಮೇಲೆ ಕಪ್ಪು ಬಳೆಗಳನ್ನು ಎಣಿಸಿದೆ, ಎಂಟು ಸಿಕ್ಕವು. ತುದಿ ಬಿಳಿಚಾಗಿತ್ತು. ಅದೂ ಸಣ್ಣದರ ಗುರುತೇ. ಮಲಬಾರ್ ಸಿವೆಟ್‌ನ ಬಾಲದ ತುದಿ ಕಪ್ಪು.

ಪ್ರಾಣಿ ಕ್ಯಾಮೆರಾಕ್ಕೆ ಅಡ್ಡ ನಿಂತಿದ್ದರೆ ಮಾತ್ರ ಈ ದಾರದ ಲೆಕ್ಕ ನಡೆಯುತ್ತದೆ. ನಮ್ಮ ಕಡೆಗೆ ಮುಖ ಮಾಡಿ ನಿಂತರೆ ಮೈ ಕುಗ್ಗಿದಂತೆ ಕಾಣುತ್ತದೆ, ಅಳತೆ ಸುಳ್ಳಾಗುತ್ತದೆ. ಹಾಗಿದ್ದಾಗ ಮೂರನೆಯದನ್ನು ನೋಡಬೇಕು, ಅದು ಕಿವಿ. ಸಣ್ಣ ಪುನುಗಿನ ಮೂತಿ ಚೂಪು, ಎರಡು ಕಿವಿಗಳೂ ನಡುನೆತ್ತಿಯ ಮೇಲೆ ಹತ್ತಿರ ಹತ್ತಿರ ಕೂತಿರುತ್ತವೆ. ದೊಡ್ಡ ಸಿವೆಟ್‌ಗಳ ತಲೆ ಅಗಲ, ಕಿವಿಗಳ ನಡುವೆ ಜಾಗ ಜಾಸ್ತಿ, ಕತ್ತಿನ ಮೇಲೆ ಕಪ್ಪು–ಬಿಳಿ ಪಟ್ಟಿಗಳು ಬಳಿದಂತೆ ಎದ್ದು ಕಾಣುತ್ತವೆ.

ಚಿರೆಕಲ್ಲಿನ ಲೆಕ್ಕ

‘ನೀನು ನೋಡಿಲ್ಲ, ಅದು ನಾಯಿಯಷ್ಟು ದೊಡ್ಡದಿತ್ತು’ ಅನ್ನುವ ಮಾತು ಬಂದೇ ಬರುತ್ತದೆ. ರಾತ್ರಿ ಟಾರ್ಚ್ ಬೆಳಕಲ್ಲಿ ಎಲ್ಲವೂ ದೊಡ್ಡದೇ. ಅದಕ್ಕೆ ವಾದ ಬೇಡ, ಟೇಪ್ ಸಾಕು. ಫೋಟೋದಲ್ಲಿ ಹಿತ್ತಿಲಿನ ಯಾವುದಾದರೂ ವಸ್ತು ಇದ್ದೇ ಇರುತ್ತದೆ. ಬಕೆಟ್, ತುಳಸಿಕಟ್ಟೆ, ಗೋಡೆಯ ಕಲ್ಲು, ಏನಾದರೂ ಆದೀತು. ಅದನ್ನು ಅವರ ಕೈಯಲ್ಲೇ ಅಳೆಸಿ.

ನನ್ನ ಗೆಳೆಯ ಗೋಡೆಯ ಒಂದು ಚಿರೆಕಲ್ಲು ಅಳೆದ: 37 ಸೆಂ.ಮೀ. ಫೋಟೋದಲ್ಲಿ ಪ್ರಾಣಿಯ ಮೈ ಒಂದೂವರೆ ಕಲ್ಲಿನಷ್ಟಿತ್ತು. ಅಂದರೆ ಸುಮಾರು 55 ಸೆಂ.ಮೀ. ಮಲಬಾರ್ ಸಿವೆಟ್ ಆಗಬೇಕಿದ್ದರೆ ಎರಡು ಕಲ್ಲು ತುಂಬಬೇಕಿತ್ತು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪ್ರಾಣಿ ಗೋಡೆಗಿಂತ ಸ್ವಲ್ಪ ಮುಂದೆ, ಅಂದರೆ ಕ್ಯಾಮೆರಾಕ್ಕೆ ಹತ್ತಿರ ಇತ್ತು. ಹತ್ತಿರ ಇರುವುದು ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ನಿಜವಾದ ಮೈ 55ಕ್ಕಿಂತ ಕಮ್ಮಿ ಇರಬಹುದೇ ಹೊರತು ಜಾಸ್ತಿ ಅಲ್ಲ. ಪ್ರಾಣಿ ವಸ್ತುವಿನ ಹಿಂದೆ ನಿಂತಿದ್ದರೆ ಈ ಲೆಕ್ಕ ತಿರುಗಿಬೀಳುತ್ತದೆ, ಅದನ್ನು ಮರೆಯಬೇಡಿ.

ಕಲ್ಲು ಅಳೆಸಿದ್ದರಿಂದ ಇನ್ನೊಂದು ಲಾಭವೂ ಆಯಿತು. ‘ಒಂದೂವರೆ ಕಲ್ಲು, 55 ಆಯ್ತು. ನಿನ್ನ ಮಲಬಾರ್ ಸಿವೆಟ್ ಎಷ್ಟುದ್ದ ಅಂದೆ?’ ಅಂತ ಅವನೇ ಕೇಳಿದ. ಆಮೇಲೆ ನಾನು ತಿದ್ದುವುದು ಹೆಚ್ಚು ಉಳಿಯಲಿಲ್ಲ.

ಇನ್ನೂ ಇಬ್ಬರನ್ನು ಬಿಟ್ಟುಬಿಡಬೇಡಿ

ಅಪರೂಪದ್ದಲ್ಲ ಅಂದಾಕ್ಷಣ ‘ಪುನುಗು ಬೆಕ್ಕು’ ಅಂತ ಬರೆದು ನೀವೇ ತಪ್ಪು ಮಾಡುವ ಸಾಧ್ಯತೆಯೂ ಇದೆ. ಬಾಲದ ಮೇಲೆ ಬಳೆಗಳೇ ಇಲ್ಲದೆ, ಮುಖ ಕಪ್ಪಾಗಿ, ಕಣ್ಣಿನ ಹತ್ತಿರ ಬಿಳಿ ಕಲೆ ಇದ್ದರೆ ಅದು ಅಟ್ಟ ಹತ್ತುವ ಮರಬೆಕ್ಕು. ಕಾಫಿ ಹಣ್ಣು ತಿಂದು ಬೀಜ ಹಿಕ್ಕೆಯಲ್ಲಿ ಬಿಡುವುದು ಇದೇ. ಚುಕ್ಕೆಯೂ ಇಲ್ಲ, ಮುಖವಾಡವೂ ಇಲ್ಲ, ಮೈಯೆಲ್ಲ ಕಂದು ಅಂದರೆ ಕಂದು ಮರಬೆಕ್ಕು. ಇದು ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಮಲೆನಾಡಿನ ಹಿತ್ತಿಲ ಫೋಟೋದಲ್ಲಿ ಇದು ಸಿಕ್ಕಿದರೆ ‘ನಿನ್ನದು ಅದಲ್ಲ, ಆದರೆ ಇದೂ ಘಟ್ಟದ ಆಚೆ ಸಿಗದ ಪ್ರಾಣಿ’ ಅಂತ ಸಂತೋಷದ ಸುದ್ದಿಯನ್ನೇ ಕೊಡಬಹುದು.

ಹೆಸರಲ್ಲಿ ಬೆಕ್ಕು ಇದ್ದರೂ ಇವು ಯಾವುವೂ ಬೆಕ್ಕಿನ ಕುಟುಂಬದವಲ್ಲ. ಇದನ್ನು ಉತ್ತರದಲ್ಲಿ ಹೇಳಬೇಡಿ. ಒಂದೇ ಸಲಕ್ಕೆ ಎರಡು ತಿದ್ದುಪಡಿ ಯಾರಿಗೂ ಹಿಡಿಸುವುದಿಲ್ಲ.

ರಾತ್ರಿಯ ಸಿಸಿ ಕ್ಯಾಮೆರಾ ಚಿತ್ರವಾದರೆ ಬಣ್ಣ ನಂಬಬೇಡಿ, ಆಕಾರ ಮಾತ್ರ ನೋಡಿ. ಎರಡು ಹೊಳೆಯುವ ಕಣ್ಣು ಮಾತ್ರ ಕಾಣುತ್ತಿದ್ದರೆ ‘ಇದರಲ್ಲಿ ಹೇಳಲು ಬರುವುದಿಲ್ಲ’ ಅನ್ನುವುದೇ ಸರಿಯಾದ ಉತ್ತರ.

ಬರೆಯುವುದು

ಕೆಲವು ವರ್ಷಗಳ ಹಿಂದೆ ನೆಂಟರೊಬ್ಬರು ಚಿರತೆ ಮರಿ ಅಂತ ಫೋಟೋ ಹಾಕಿದ್ದರು. ನಾನು ಎಲ್ಲರ ಮುಂದೆ ಬರೆದೆ: ‘ಚಿರತೆ ಅಲ್ಲ, ಕಾಡುಬೆಕ್ಕು ಅಷ್ಟೆ.’ ಗುರುತು ಸರಿ ಇತ್ತು. ಆದರೆ ಅವರು ಪೋಸ್ಟ್ ತೆಗೆದರು, ಆಮೇಲೆ ನನ್ನ ಜೊತೆ ಪ್ರಾಣಿಯ ಸುದ್ದಿಯನ್ನೇ ಎತ್ತಲಿಲ್ಲ. ಆ ‘ಅಷ್ಟೆ’ ಬರೆಯಬಾರದಿತ್ತು. ಅವರು ನಡುರಾತ್ರಿ ಎದ್ದು ಕಂಡದ್ದನ್ನು ನಾನು ಒಂದು ಪದದಲ್ಲಿ ಸಣ್ಣದು ಮಾಡಿದ್ದೆ. ‘ಬರೀ’, ‘ಸುಮ್ನೆ’, ‘ಮಾಮೂಲಿ’ ಇವೂ ಅದೇ ಜಾತಿಯ ಪದಗಳು.

ಈ ಸಲ ಮೊದಲು ಗೆಳೆಯನಿಗೆ ಒಬ್ಬನಿಗೇ ಬರೆದೆ:

> ಮಾರಾಯ, ಫೋಟೋ ಭಾರಿ ಚೆನ್ನಾಗಿ ಬಂದಿದೆ, ರಾತ್ರಿ ಹೊತ್ತಲ್ಲಿ ಚುಕ್ಕೆ ಇಷ್ಟು ಸ್ಪಷ್ಟ ಸಿಗುವುದು ಕಷ್ಟ. ಮೂರೂ ಫೋಟೋ ನೋಡಿದೆ. ನನಗೆ ಇದು ಸಣ್ಣ ಪುನುಗು ಬೆಕ್ಕು ಅನಿಸುತ್ತಿದೆ, ನಿಮ್ಮ ಅಜ್ಜಿ ಹೇಳಿದ್ದೇ ಸರಿ. ಮೂರನೇ ಫೋಟೋದಲ್ಲಿ ಬಾಲ ನೋಡು, ಮೈಯ ಮುಕ್ಕಾಲಿನಷ್ಟು ಉದ್ದ ಇದೆ, ತುದಿ ಬಿಳಿ. ಮಲಬಾರ್ ಸಿವೆಟ್‌ಗೆ ಬಾಲ ಗಿಡ್ಡ, ತುದಿ ಕಪ್ಪು, ಬೆನ್ನ ಮೇಲೆ ಕೇಸರದ ಹಾಗೆ ಕಪ್ಪು ಕೂದಲು. ನೆಟ್ಟಲ್ಲಿ ಆ ಹೆಸರಲ್ಲಿ ಸಿಗುವ ಚಿತ್ರಗಳೇ ಬಹಳಷ್ಟು ತಪ್ಪು, 1990ರಿಂದ ಈಚೆ ಅದರ ಗಟ್ಟಿ ಪುರಾವೆ ಸಿಕ್ಕಿಲ್ಲ. ಗೋಡೆಯ ಒಂದು ಕಲ್ಲು ಅಳೆದು ಹೇಳ್ತೀಯಾ? ಇನ್ನೂ ಒಂದು: ಜಾಗದ ಹೆಸರು ಪೋಸ್ಟಿಂದ ತೆಗೆದುಬಿಡು, ಬೋನು ಇಡುವವರು ಬಂದಾರು.

ಇದರಲ್ಲಿ ಹೊಗಳಿದ್ದು ಫೋಟೋವನ್ನು, ಅದೂ ನಿಜವಾದ ಕಾರಣಕ್ಕೆ. ಪ್ರಾಣಿಯ ಹೆಸರನ್ನು ‘ಅಲ್ಲ’ ಅಂತ ಶುರು ಮಾಡಲಿಲ್ಲ, ‘ಇದು’ ಅಂತ ಶುರು ಮಾಡಿದೆ. ಅಜ್ಜಿಯ ಮಾತು ಎತ್ತಿದ್ದು ಚಾಲಾಕಿ ಅಲ್ಲ, ಅವರು ನಿಜಕ್ಕೂ ಸರಿ ಹೇಳಿದ್ದರು. ಗುರುತು ಪರೀಕ್ಷಿಸುವ ದಾರಿಯನ್ನು ಅವನ ಕೈಗೇ ಕೊಟ್ಟೆ. ಉಳಿದ ಪಾಠ ಕೇಳಿದರೆ ಆಮೇಲೆ.

ಜಾಗದ ಮಾತು ಕಡೆಗಣಿಸಬೇಡಿ. ಪುನುಗು ಇವುಗಳ ಬಾಲದ ಕೆಳಗಿನ ಗ್ರಂಥಿಯಿಂದ ಬರುವ ಸುಗಂಧ. ಅದಕ್ಕಾಗಿ ಇವನ್ನು ಹಿಡಿಯುವುದು ಹಳೆಯ ಕಾಲದಿಂದಲೂ ಇದೆ, ಮಾಂಸಕ್ಕೂ ಉರುಳು ಹಾಕುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹಿಡಿಯುವುದು, ಸಾಕುವುದು ಎರಡೂ ಅಪರಾಧ. ‘ಜಗತ್ತಿನಲ್ಲೇ ಅಪರೂಪ’ ಅಂತ ಊರಿನ ಹೆಸರಿನ ಜೊತೆ ಹಾಕಿದರೆ ಅದು ಪ್ರಾಣಿಗೇ ಕುತ್ತು.

ಪೋಸ್ಟ್ ಆಗಲೇ ತುಂಬ ಹಂಚಿಕೆಯಾಗಿದ್ದರೆ ಒಬ್ಬರಿಗೇ ಬರೆದರೆ ಸಾಲದು. ಆದರೂ ಅರ್ಧ ದಿನ ಕಾಯಿರಿ, ಅವರೇ ತಿದ್ದಲು ಬಿಡಿ. ತಿದ್ದದಿದ್ದರೆ ಎಲ್ಲರ ಮುಂದೆ ಎರಡೇ ಸಾಲು: ಯಾವ ಪ್ರಾಣಿ, ಯಾವ ಗುರುತಿನಿಂದ. ಗೆಳೆಯನ ತಪ್ಪಿನ ಮಾತೇ ಬೇಡ.

ಒಪ್ಪದಿದ್ದರೆ, ಅಥವಾ ನಿಮಗೇ ಅನುಮಾನ ಬಂದರೆ

ನಿಮ್ಮ ಮಾತೇ ಕೊನೆಯದಾಗಬೇಕಿಲ್ಲ. ಜನ ತಾವು ಕಂಡ ಜೀವಿಗಳ ಫೋಟೋ ಹಾಕುವ ಜಾಲತಾಣಗಳಾದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಐನ್ಯಾಚುರಲಿಸ್ಟ್‌ಗೆ ಮೂಲ ಫೋಟೋ, ದಿನಾಂಕ, ಸಮಯ ಹಾಕಲು ಹೇಳಿ. ಹೆಸರು ಗೊತ್ತಿಲ್ಲದಿದ್ದರೆ ‘ಸಿವೆಟ್’ ಅಂತಷ್ಟೇ ಬರೆದರೂ ನಡೆಯುತ್ತದೆ, ಬಲ್ಲವರು ಗುರುತಿಸುತ್ತಾರೆ. ಜಾಗವನ್ನು ಮರೆಮಾಡುವ ಆಯ್ಕೆಯನ್ನು ಮಾತ್ರ ಒತ್ತಿರಬೇಕು. ಇನ್ನು ನಡುಬೆನ್ನಲ್ಲಿ ಕಪ್ಪು ಕೇಸರ, ಗಿಡ್ಡ ಬಾಲ, ಕಪ್ಪು ತುದಿ ಮೂರೂ ಒಂದೇ ಫೋಟೋದಲ್ಲಿ ಕಂಡರೆ ಎಲ್ಲಿಯೂ ಹಾಕಬೇಡಿ. ಸೀದಾ ಅರಣ್ಯ ಇಲಾಖೆಯ ಕಚೇರಿಗೋ, ಸಣ್ಣ ಮಾಂಸಾಹಾರಿಗಳ ಮೇಲೆ ಕೆಲಸ ಮಾಡುವ ಸಂಶೋಧಕರಿಗೋ ಮುಟ್ಟಿಸಿ.

ನನ್ನ ಗೆಳೆಯ ಸಂಜೆಗೆ ಪೋಸ್ಟ್ ತಿದ್ದಿದ. ‘ತಜ್ಞರು ಸಣ್ಣ ಪುನುಗು ಅಂದಿದ್ದಾರೆ. ಮೊದಲು ಹೇಳಿದ್ದು ಅಜ್ಜಿ’ ಅಂತ ಬರೆದು ಅಜ್ಜಿಯ ಫೋಟೋವನ್ನೂ ಸೇರಿಸಿದ್ದ. ತಜ್ಞ ಅಂದದ್ದು ನನ್ನನ್ನು. ನಾನು ತಿದ್ದಲು ಹೋಗಲಿಲ್ಲ. ಎರಡು ವಾರದ ನಂತರ ಇನ್ನೊಂದು ಫೋಟೋ ಬಂತು. ಅದೇ ಕಾಂಪೌಂಡ್ ಗೋಡೆ, ಮೇಲೆ ಒಂದು ಹಿಕ್ಕೆ, ತುಂಬ ಬಗನಿ ಬೀಜ. ಪಕ್ಕದಲ್ಲಿ ಈ ಸಲ ಅವನೇ ಟೇಪ್ ಇಟ್ಟಿದ್ದ. ‘ಇದೂ ನಮ್ಮ ಪುನುಗಿನದ್ದೇನೋ?’ ಅಂತ ಕೇಳಿದ.

‘ಅಲ್ಲ ಅನಿಸುತ್ತೆ. ಒಮ್ಮೆ ಅಟ್ಟ ಹತ್ತಿ ನೋಡು’ ಅಂತ ಬರೆದೆ.